ನೋಟ್ ಪುಸ್ತಕದ ಗೀಚುಗಳಿಂದ ರಿವ್ಯೂ ವರದಿಗೆ: ಒಂದು ಬಾವಿ ನೀರಿನ ಪೇಪರ್ ಹಿಡಿದುಕೊಂಡು

ಕಳೆದ ಮಳೆಗಾಲದ ಒಂದು ಸಂಜೆ ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ನೋಟ್ ಪುಸ್ತಕ ಬಿಡಿಸಿ ಕೂತಿದ್ದಳು. ಅಚ್ಚು ಹಾಕಬಹುದೇ ಅಂತ ನೋಡಿ ಹೇಳಲು ಜರ್ನಲ್ ಒಂದರಿಂದ ನನಗೆ ಬಂದಿದ್ದ ಪೇಪರನ್ನು, ಸಂಪಾದಕರಿಗೆ ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆದು, ನಾವಿಬ್ಬರೂ ಸೇರಿ ರಿವ್ಯೂ ಮಾಡುತ್ತಿದ್ದೆವು. ಅವಳಿಗೆ ಅದು ಮೊದಲ ಸಲ.

"ಮೇಡಂ, ನೋಟ್ಸ್ ಎಲ್ಲ ಉಂಟು. ನಾಲ್ಕು ಪುಟ ಉಂಟು. ಆದ್ರೆ ವರದಿ ಎಲ್ಲಿಂದ ಸುರು ಮಾಡುದು ಅಂತಲೇ ಗೊತ್ತಾಗುದಿಲ್ಲ," ಅಂದಳು.

ಅವಳು ಓದಿದ್ದು ಚೆನ್ನಾಗಿಯೇ ಇತ್ತು. ತೊಡಕಿದ್ದದ್ದು ಆಮೇಲಿನ ಕೆಲಸದಲ್ಲಿ. ಓದುವಾಗ ಮನಸ್ಸಿಗೆ ಬಂದದ್ದೆಲ್ಲ ಪುಟದ ಕ್ರಮದಲ್ಲಿ ಬಿದ್ದಿರುತ್ತದೆ. ವರದಿ ಮಾತ್ರ ತೂಕದ ಕ್ರಮದಲ್ಲಿ ಇರಬೇಕು: ಮೊದಲು ಪೇಪರಿನ ಸಾರಾಂಶ, ಆಮೇಲೆ ಮೇಜರ್ ಆಕ್ಷೇಪಗಳು, ಕೊನೆಗೆ ಮೈನರ್ ಪಾಯಿಂಟುಗಳು. ಈ ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುವುದು ಅಂತ ಅವತ್ತು ಅವಳ ಜೊತೆ ಮಾಡಿದ ಹಾಗೆಯೇ ಇಲ್ಲಿ ಮಾಡಿ ತೋರಿಸುತ್ತೇನೆ.

ರಿವ್ಯೂಗೆ ಬಂದ ನಿಜವಾದ ಪೇಪರನ್ನು ಹೊರಗೆ ಬಿಡುವ ಹಾಗಿಲ್ಲ, ಅದರ ವಿಷಯವನ್ನೂ ಹೇಳುವ ಹಾಗಿಲ್ಲ. ಹಾಗಾಗಿ ಉದಾಹರಣೆಗೆ ಒಂದು ಪೇಪರನ್ನು ನಾನೇ ಕಟ್ಟಿದ್ದೇನೆ, ನಮ್ಮಿಬ್ಬರ ಮಾತುಕತೆಯನ್ನೂ ಅದಕ್ಕೆ ಹೊಂದಿಸಿಕೊಂಡಿದ್ದೇನೆ. ವಿಷಯ ನಮ್ಮ ಕರಾವಳಿಯದು, ಅಂಕಿಗಳು ಕಲ್ಪಿತ, ತಪ್ಪುಗಳು ಮಾತ್ರ ಬೇರೆ ಬೇರೆ ಪೇಪರುಗಳಲ್ಲಿ ನಾನು ಕಂಡಂಥವು.

ಪೇಪರ್ ಏನು ಹೇಳುತ್ತದೆ

ಮಲ್ಪೆಯಿಂದ ಉತ್ತರಕ್ಕೆ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹೊಳೆ ಇರುವ ಕಿರಿದಾದ ಪಟ್ಟಿ. ಅಲ್ಲಿಯ 24 ತೆರೆದ ಬಾವಿಗಳಿಂದ ಲೇಖಕರು ಮಾರ್ಚಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ನೀರು ತೆಗೆದಿದ್ದಾರೆ. ವಿದ್ಯುತ್ ವಾಹಕತೆ, ಕ್ಲೋರೈಡ್, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್, ನೈಟ್ರೇಟ್ ಅಳೆದಿದ್ದಾರೆ. ಮಾರ್ಚಿನಲ್ಲಿ ಕೆಲವು ಬಾವಿಗಳಲ್ಲಿ ಕ್ಲೋರೈಡ್ ಜಾಸ್ತಿ ಸಿಕ್ಕಿದೆ. ಅತಿಯಾಗಿ ಪಂಪ್ ಹಾಕಿದ್ದರಿಂದ ಸಮುದ್ರದ ನೀರು ಒಳಗೆ ಬಂದಿದೆ ಅನ್ನುವುದು ಅವರ ತೀರ್ಮಾನ.

ನೋಟ್ಸ್ ಇದ್ದದ್ದು ಹೀಗೆ

ನಾನು ಪೇಪರನ್ನು ಮೂರು ಸಲ ಓದುತ್ತೇನೆ. ಮೊದಲ ಸಲ ಪೆನ್ನು ಹಿಡಿಯುವುದಿಲ್ಲ. ಎರಡನೇ ಸಲ ಸಾಲಿನ ನಂಬರ್ ಸಮೇತ ನೋಟ್ಸ್. ಮೂರನೇ ಸಲ ಟೇಬಲ್ ಮತ್ತು ಚಿತ್ರಗಳು ಮಾತ್ರ, ಪಕ್ಕದಲ್ಲಿ ಕ್ಯಾಲ್ಕುಲೇಟರ್. ಸಾಲಿನ ನಂಬರ್ ಆಗಲೇ ಬರೆದುಕೊಳ್ಳದೆ ಇದ್ದರೆ ಆಮೇಲೆ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಈ ಪೇಪರಿಗೆ ನೋಟ್ಸ್ ಹೀಗಿವೆ ಅಂತ ಇಟ್ಟುಕೊಳ್ಳಿ. ತಿದ್ದದೆ, ಬರೆದ ಹಾಗೆಯೇ ಕೊಡುತ್ತೇನೆ.

1. ಶೀರ್ಷಿಕೆಯಲ್ಲೇ "ಅತಿಯಾದ ಪಂಪಿಂಗ್‌ನಿಂದ" ಅಂತ ಇದೆ. ಪಂಪಿನ ಲೆಕ್ಕ ಎಲ್ಲಿ?
2. ಸಾಲು 31ರಲ್ಲಿ 38%, ಸಾಲು 204ರಲ್ಲಿ 42%. ಯಾವುದು ಸರಿ?
3. ಸಾಲು 58: "ಉಪ್ಪಿನಂಶ ವರ್ಷದಿಂದ ವರ್ಷಕ್ಕೆ ಏರುತ್ತಿದೆ". ಇರುವುದು ಒಂದೇ ವರ್ಷದ ಡೇಟಾ.
4. ಸಾಲು 97: ಈ 24 ಬಾವಿಗಳನ್ನು ಹೇಗೆ ಆರಿಸಿದರು?
5. ಚಿತ್ರ 1: ಮ್ಯಾಪಿಗೆ ಸ್ಕೇಲ್ ಇಲ್ಲ, ದಿಕ್ಕೂ ಇಲ್ಲ!!!
6. ಸಾಲು 121: ಬಾವಿಯ ನೀರಿನ ಮಟ್ಟ ಅಳೆದಿಲ್ಲ.
7. ಸಾಲು 133: ನೀರು ತೆಗೆದಾಗ ಭರತವೋ ಇಳಿತವೋ?
8. ಟೇಬಲ್ 2, ಬಾವಿ 7: ಸೋಡಿಯಂ ಯಾಕೋ ಕಮ್ಮಿ ಕಾಣ್ತದೆ.
9. ಟೇಬಲ್ 2: ಉಪ್ಪಿನ ಬಾವಿಗಳಲ್ಲೇ ನೈಟ್ರೇಟೂ ಜಾಸ್ತಿ. ಟಾಯ್ಲೆಟ್ ಗುಂಡಿ?
10. ಚಿತ್ರ 3: ಸಮುದ್ರದಿಂದ ಎಷ್ಟು ದೂರ ಅಂತ ಮಾತ್ರ. ಹೊಳೆಯಿಂದ ಎಷ್ಟು ದೂರ?
11. ಸಾಲು 188: ಕುಡಿಯುವ ನೀರಿಗೆ ಕ್ಲೋರೈಡ್ ಮಿತಿ 200 ಅಂತ ಹಾಕಿದ್ದಾರೆ. 250 ಅಲ್ವಾ?
12. ಐಸೋಟೋಪ್ ಮಾಡಬೇಕಿತ್ತು.
13. ಇಂಗ್ಲಿಷ್ ಸರಿಯಿಲ್ಲ.
14. ಒಳ್ಳೆಯದು: ಎರಡೂ ಸಲ ಅದೇ 24 ಬಾವಿ. ಎಲ್ಲ ಬಾವಿಯ ಅಂಕಿ ಪೂರ್ತಿ ಕೊಟ್ಟಿದ್ದಾರೆ.

ಐದನೆಯದರ ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆ ಇದೆ. ಎಂಟನೆಯದು ಅನುಮಾನದಲ್ಲಿ, ಮೆತ್ತಗೆ ಬರೆದದ್ದು. ಇದನ್ನು ನೆನಪಿಟ್ಟುಕೊಳ್ಳಿ. ಬರೆಯುವಾಗ ಬಂದ ಸಿಟ್ಟು ತೂಕದ ಅಳತೆ ಅಲ್ಲ.

ಮೊದಲ ಹೆಜ್ಜೆ: ಪ್ರತಿ ನೋಟಿಗೂ ಒಂದೇ ಪ್ರಶ್ನೆ

ಇದು ಹೇಗೆ ಇತ್ಯರ್ಥವಾದರೂ ಪೇಪರಿನ ತೀರ್ಮಾನ ಹಾಗೆಯೇ ನಿಲ್ಲುತ್ತದಾ? ನಿಂತರೆ ಮೈನರ್. ತೀರ್ಮಾನ ಬಿದ್ದು ಹೋಗಬಹುದು, ಅಥವಾ ಅದನ್ನು ತುಂಬ ಕಿರಿದು ಮಾಡಬೇಕಾಗುತ್ತದೆ ಅಂತಾದರೆ ಮೇಜರ್. ಸರಿಮಾಡಲು ಎಷ್ಟು ಶ್ರಮ ಬೇಕು ಅನ್ನುವುದರ ಮೇಲೆ ಇದನ್ನು ನಿರ್ಧರಿಸಬೇಡಿ. ಒಂದೇ ಶಬ್ದ ತೆಗೆದರೆ ಸರಿಯಾಗುವ ಮೇಜರ್ ತಪ್ಪುಗಳಿವೆ. ಮೂರು ದಿನ ಕೂತು ಮಾಡಬೇಕಾದ ಮೈನರ್ ಕೆಲಸಗಳೂ ಇವೆ, ಮ್ಯಾಪನ್ನು ಪೂರ್ತಿ ಹೊಸತಾಗಿ ಬಿಡಿಸುವುದು ಅಂಥದ್ದು.

ಸ್ಕೇಲ್ ಇಲ್ಲದ ಮ್ಯಾಪಿಗೆ ಸ್ಕೇಲ್ ಹಾಕಿದರೆ ಬಾವಿಯ ಉಪ್ಪು ಬದಲಾಗುವುದಿಲ್ಲ. ಮೈನರ್. ಒಂದೇ ವರ್ಷದಲ್ಲಿ ಎರಡು ಸಲ ಅಳೆದು "ವರ್ಷದಿಂದ ವರ್ಷಕ್ಕೆ" ಅಂದರೆ ಆ ಮಾತಿಗೆ ಆಧಾರವೇ ಇಲ್ಲ. ಮಾರ್ಚಿಗೂ ಆಗಸ್ಟಿಗೂ ಇರುವುದು ಬೇಸಿಗೆ-ಮಳೆಗಾಲದ ವ್ಯತ್ಯಾಸ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ ಆಗಸ್ಟಿನ ಬಾವಿ ನೀರು ಸಿಹಿಯಾಗದೆ ಇನ್ನೇನಾಗುತ್ತದೆ? ಮೇಜರ್.

ಎರಡು ಮತ್ತು ಹನ್ನೊಂದನೆಯ ನೋಟುಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿಷಯ ಬಿಡಿಸಿಕೊಂಡಿತು. 24ರಲ್ಲಿ 9 ಅಂದರೆ 37.5, ಅದೇ 38%. 24ರಲ್ಲಿ 10 ಅಂದರೆ 41.7, ಅದು 42%. ಟೇಬಲ್ ನೋಡಿದರೆ ಲೀಟರಿಗೆ 250 ಮಿಲಿಗ್ರಾಂ ದಾಟಿದ ಬಾವಿಗಳು 9. 200 ದಾಟಿದವು 10. ಅಂದರೆ ಪೇಪರಿನ ಅಬ್‌ಸ್ಟ್ರಾಕ್ಟಿನಲ್ಲಿ ಒಂದು ಮಿತಿ, ಒಳಗೆ ಇನ್ನೊಂದು ಮಿತಿ ಹಿಡಿದಿದ್ದಾರೆ. ಭಾರತೀಯ ಮಾನಕ IS 10500ರಲ್ಲಿ ಕ್ಲೋರೈಡಿನ ಸ್ವೀಕಾರಾರ್ಹ ಮಿತಿ 250. ಎರಡೂ ನೋಟು ಸೇರಿ ಒಂದೇ ಮೈನರ್ ಪಾಯಿಂಟ್ ಆಯಿತು. ಹೀಗೆ ಶೇಕಡಾ ಅಂಕಿ ಸಿಕ್ಕಿದಲ್ಲೆಲ್ಲ ಅದನ್ನು ಒಟ್ಟು ಸಂಖ್ಯೆಗೆ ತಿರುಗಿಸಿ ನೋಡುವ ರೂಢಿ ಇಟ್ಟುಕೊಳ್ಳಿ. ಒಂದು ನಿಮಿಷದ ಕೆಲಸ, ಎಷ್ಟೋ ಸಲ ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ.

ನಾಲ್ಕನೆಯದರಲ್ಲಿ ನನಗೂ ಅವಳಿಗೂ ಭಿನ್ನಾಭಿಪ್ರಾಯ ಬಂತು. ನಾನು ಅದನ್ನು ಮೈನರ್‌ಗೆ ಹಾಕಿದ್ದೆ. "ಮೇಡಂ, ಅಬ್‌ಸ್ಟ್ರಾಕ್ಟ್ ನೋಡಿ. 'ಈ ಕರಾವಳಿಯ 38% ಬಾವಿಗಳು' ಅಂತ ಹೇಳಿದ್ದಾರೆ. ನೀರು ಉಪ್ಪಾಯ್ತು ಅಂತ ದೂರು ಕೊಟ್ಟವರ ಬಾವಿಯನ್ನೇ ತಗೊಂಡಿದ್ರೆ?" ಅಂದಳು. ಅವಳ ಮಾತೇ ಸರಿ. ಬಾವಿ ಆರಿಸಿದ ರೀತಿ ಗೊತ್ತಿಲ್ಲದೆ 24 ಬಾವಿಯ ಲೆಕ್ಕವನ್ನು ಇಡೀ ಕರಾವಳಿಗೆ ಹಚ್ಚುವಂತಿಲ್ಲ. ಮೇಜರ್‌ಗೆ ಹಾಕಿದೆವು.

ಇನ್ನು ಬಿಡಬೇಕಾದವು. "ಐಸೋಟೋಪ್ ಮಾಡಬೇಕಿತ್ತು", ಅಂದರೆ ನೀರಿನ ಮೂಲ ತಿಳಿಯಲು ಮಾಡುವ ಆ ಇನ್ನೊಂದು ಪರೀಕ್ಷೆಯನ್ನೂ ಮಾಡಬೇಕಿತ್ತು ಅನ್ನುವುದು ನಮ್ಮ ಆಸೆ. ಈ ಪೇಪರಿನ ಪ್ರಶ್ನೆಗೆ ಅದಿಲ್ಲದೆಯೂ ಉತ್ತರ ಹುಡುಕಲು ದಾರಿ ಇದೆ. ನಾವಾಗಿದ್ದರೆ ಬೇರೆ ಥರ ಮಾಡುತ್ತಿದ್ದೆವು ಅನ್ನುವುದು ಆಕ್ಷೇಪ ಆಗುವುದಿಲ್ಲ. ಹೊಡೆದು ಹಾಕಿದೆವು. "ಇಂಗ್ಲಿಷ್ ಸರಿಯಿಲ್ಲ" ಅನ್ನುವುದನ್ನು ಹಾಗೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಅರ್ಥ ಎರಡು ಥರ ಆಗುವ ಮೂರು ವಾಕ್ಯ ಹುಡುಕಿ, ಸಾಲಿನ ನಂಬರ್ ಕೊಟ್ಟು, ಮೈನರ್‌ನಲ್ಲಿ ಸೇರಿಸಿದೆವು. ಉಳಿದ ವ್ಯಾಕರಣ ಜರ್ನಲಿನವರು ನೋಡಿಕೊಳ್ಳುತ್ತಾರೆ.

ಎರಡನೇ ಹೆಜ್ಜೆ: ಅನುಮಾನದ ನೋಟನ್ನು ಲೆಕ್ಕ ಹಾಕಿ ನೋಡುವುದು

ಈಗ ಎಂಟನೆಯದು. "ಸೋಡಿಯಂ ಯಾಕೋ ಕಮ್ಮಿ ಕಾಣ್ತದೆ." ಇದನ್ನು ಹೀಗೇ ವರದಿಗೆ ಹಾಕಿದರೆ ಲೇಖಕರು "ನಮಗೆ ಸಿಕ್ಕಿದ್ದೇ ಅಷ್ಟು" ಅಂತ ಉತ್ತರ ಕೊಟ್ಟು ಮುಗಿಸುತ್ತಾರೆ. ಅನುಮಾನ ಬಂದ ಮೇಲೆ ಲೆಕ್ಕ ಮಾಡುವ ಹೊಣೆ ರಿವ್ಯೂ ಮಾಡುವವರದ್ದು. ಅಂಕಿಗಳು ಎದುರಿಗೇ ಇವೆ.

ನೀರಿನಲ್ಲಿ ಧನ ಅಯಾನುಗಳ ಒಟ್ಟು ವಿದ್ಯುತ್ ಭಾರ ಮತ್ತು ಋಣ ಅಯಾನುಗಳ ಒಟ್ಟು ಭಾರ ಸಮ ಇರಬೇಕು. ಮಿಲಿಗ್ರಾಂ ಅಂಕಿಯನ್ನು ಆಯಾ ಅಯಾನಿನ ಈಕ್ವಿವಲೆಂಟ್ ತೂಕದಿಂದ, ಅಂದರೆ ಅಯಾನಿನ ತೂಕವನ್ನು ಅದರ ವಿದ್ಯುತ್ ಭಾರದಿಂದ ಭಾಗಿಸಿ ಬಂದ ಅಂಕಿಯಿಂದ ಭಾಗಿಸಿದರೆ ಮಿಲಿ ಈಕ್ವಿವಲೆಂಟ್ ಸಿಗುತ್ತದೆ. ಬಾವಿ 7ರ ಮಾರ್ಚಿನ ಸಾಲು ತೆಗೆದುಕೊಳ್ಳಿ. ಸೋಡಿಯಂ 92, ಅದನ್ನು 23ರಿಂದ ಭಾಗಿಸಿದರೆ 4. ಕ್ಯಾಲ್ಸಿಯಂ 40, 20ರಿಂದ ಭಾಗಿಸಿದರೆ 2. ಮೆಗ್ನೀಸಿಯಂ 12, ಅದು 1. ಒಟ್ಟು 7. ಈ ಕಡೆ ಕ್ಲೋರೈಡ್ 355, ಅದನ್ನು 35.5ರಿಂದ ಭಾಗಿಸಿದರೆ 10. ಬೈಕಾರ್ಬನೇಟ್ 122, 61ರಿಂದ ಭಾಗಿಸಿದರೆ 2. ನೈಟ್ರೇಟ್ 62, ಅದು 1. ಒಟ್ಟು 13. ಪೊಟ್ಯಾಸಿಯಂ, ಸಲ್ಫೇಟ್ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಅಂತ ಪೇಪರಿನಲ್ಲೇ ಇದೆ.

ಒಂದು ಕಡೆ 7, ಇನ್ನೊಂದು ಕಡೆ 13. ವ್ಯತ್ಯಾಸ 6, ಎರಡೂ ಕೂಡಿದರೆ 20. ಅಂದರೆ ತಪ್ಪು 30%. ಒಳ್ಳೆಯ ವಿಶ್ಲೇಷಣೆಯಲ್ಲಿ ಇದು 5%ರ ಒಳಗೆ ಇರುತ್ತದೆ, 10%ರ ತನಕ ಹೇಗೋ ಒಪ್ಪಬಹುದು. 30% ಅಂದರೆ ಯಾವುದೋ ಒಂದು ಅಂಕಿ ತಪ್ಪಾಗಿದೆ.

ಯಾವುದು? ಇಲ್ಲಿ ಇನ್ನೊಂದು ಸಾಕ್ಷಿ ಉಂಟು. ಈ ಮಟ್ಟದ ನೀರಿನಲ್ಲಿ, ಸೆಂಟಿಮೀಟರಿಗೆ ಮೈಕ್ರೋಸೀಮೆನ್ಸ್ ಲೆಕ್ಕದಲ್ಲಿರುವ ವಾಹಕತೆಯನ್ನು 100ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಒಂದು ಕಡೆಯ ಒಟ್ಟು ಸಿಗುತ್ತದೆ. ಬಾವಿ 7ರ ವಾಹಕತೆ 1310. ನೂರರಿಂದ ಭಾಗಿಸಿದರೆ 13.1. ಋಣ ಅಯಾನುಗಳ 13ಕ್ಕೆ ಅದು ಕೂಡಿ ಬರುತ್ತದೆ. ಹಾಗಾದರೆ ಕೊರತೆ ಇರುವುದು ಧನ ಅಯಾನುಗಳ ಕಡೆ, ಬಹುಶಃ ಸೋಡಿಯಂನಲ್ಲಿ.

ಆಮೇಲೆ ಉಳಿದ ಬಾವಿಗಳನ್ನೂ ನೋಡಿದೆವು. ಉಪ್ಪು ಜಾಸ್ತಿ ಇದ್ದ 9 ಬಾವಿಗಳಲ್ಲೂ ಇದೇ ಕೊರತೆ. ಉಪ್ಪಿಲ್ಲದ 15 ಬಾವಿಗಳಲ್ಲಿ ಲೆಕ್ಕ ಸರಿಯಾಗಿದೆ. ಆಗಸ್ಟಿನ ಎಲ್ಲ ಸ್ಯಾಂಪಲುಗಳೂ ಸರಿ. ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತದೆ. ಫ್ಲೇಮ್ ಫೋಟೋಮೀಟರಿನಲ್ಲಿ ಸೋಡಿಯಂ ಓದುವಾಗ, ಜಾಸ್ತಿ ಇರುವ ಸ್ಯಾಂಪಲನ್ನು ಮಾತ್ರ ನೀರು ಸೇರಿಸಿ ತೆಳು ಮಾಡುತ್ತಾರೆ. 20 ಮಿಲಿಲೀಟರನ್ನು 50ಕ್ಕೆ ಏರಿಸಿದರೆ ಬಂದ ಅಂಕಿಯನ್ನು ಕೊನೆಗೆ 2.5ರಿಂದ ಗುಣಿಸಬೇಕು. 92ನ್ನು 2.5ರಿಂದ ಗುಣಿಸಿ ನೋಡಿ: 230. 230ನ್ನು 23ರಿಂದ ಭಾಗಿಸಿದರೆ 10. ಧನದ ಕಡೆ ಈಗ 10, 2, 1 ಸೇರಿ 13. ಲೆಕ್ಕ ಕೂಡಿತು.

ಇಷ್ಟಕ್ಕೇ ಮುಗಿದಿದ್ದರೆ ಟೇಬಲಿನ ತಿದ್ದುಪಡಿ ಅಂತ ಮೈನರ್‌ಗೆ ಹಾಕಬಹುದಿತ್ತು. ಆದರೆ ಪೇಪರಿನ ಮುಖ್ಯ ಸಾಕ್ಷಿಯೇ ಮಿಲಿ ಈಕ್ವಿವಲೆಂಟ್ ಲೆಕ್ಕದಲ್ಲಿ ಸೋಡಿಯಂ ಮತ್ತು ಕ್ಲೋರೈಡಿನ ಅನುಪಾತ. ಸಮುದ್ರದ ನೀರಿನಲ್ಲಿ ಅದು ಸುಮಾರು 0.86. ಉಪ್ಪುನೀರು ನೆಲದೊಳಗೆ ನುಗ್ಗುವಾಗ ಮಣ್ಣು ಸೋಡಿಯಂ ಹಿಡಿದು ಕ್ಯಾಲ್ಸಿಯಂ ಬಿಡುವುದರಿಂದ ಅನುಪಾತ ಇನ್ನೂ ಕೆಳಗಿಳಿಯುತ್ತದೆ. ಈ ಬಾವಿಗಳಲ್ಲಿ 0.4 ಬಂತು, ಹಾಗಾಗಿ ಇದು ಸಮುದ್ರದ್ದೇ ಅಂತ ಲೇಖಕರ ವಾದ. ಸೋಡಿಯಂ 230 ಆದರೆ ಅನುಪಾತ 1.0. ಮನೆಯ ಕೊಳಚೆ ಬೆರೆತ ನೀರಿನಲ್ಲಿ ಒಂದರ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಸಿಗುವುದು ಸಾಮಾನ್ಯ. ಮೇಲಿಂದ ಅದೇ ಬಾವಿಗಳಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45ನ್ನು ದಾಟಿದೆ. ಮೆತ್ತಗೆ ಬರೆದಿದ್ದ ನೋಟು ಈಗ ಪಟ್ಟಿಯ ತಲೆಗೆ ಬಂತು.

ಮೂರನೇ ಹೆಜ್ಜೆ: ನೋಟುಗಳನ್ನು ಗುಂಪು ಮಾಡುವುದು

ನೋಟು ಎಷ್ಟೋ ಅಷ್ಟು ಪಾಯಿಂಟು ಬರೆಯಬಾರದು. ನಾನು ಮೊದಲು ಬರೆದ ವರದಿಯಲ್ಲಿ ನಲವತ್ತಕ್ಕೂ ಮಿಕ್ಕಿ ಪಾಯಿಂಟುಗಳಿದ್ದವು, ಪುಟದ ಕ್ರಮದಲ್ಲಿ. ಲೇಖಕರು ಒಂದೊಂದಕ್ಕೂ ಉತ್ತರ ಕೊಟ್ಟರು. ಕಾಗುಣಿತಕ್ಕೂ ನಾಲ್ಕು ಸಾಲು, ಮೂಲ ದೋಷಕ್ಕೂ ನಾಲ್ಕು ಸಾಲು. ಮೂಲ ದೋಷ ಹಾಗೆಯೇ ಉಳಿದು ಪೇಪರ್ ಅಚ್ಚಾಯಿತು. ಅದು ನನಗೆ ಇವತ್ತಿಗೂ ಬೇಸರದ ಸಂಗತಿ, ಯಾಕೆಂದರೆ ದೋಷ ನನಗೆ ಕಂಡಿತ್ತು. ಇಪ್ಪತ್ತಾರನೇ ನಂಬರಿನಲ್ಲಿ ಹೂತು ಹೋಗಿತ್ತು.

ಈ ಪೇಪರಿನ 1, 6, 7, 9, 10 ಐದೂ ಬೇರೆ ಬೇರೆ ಕಡೆ ಬಿದ್ದಿದ್ದರೂ ಹೇಳುವುದು ಒಂದನ್ನೇ: ಉಪ್ಪು ಎಲ್ಲಿಂದ ಬಂತು ಅನ್ನುವುದು ತೀರ್ಮಾನ ಆಗಿಲ್ಲ. ಪಂಪಿನ ಲೆಕ್ಕ ಇಲ್ಲ, ನೀರಿನ ಮಟ್ಟ ಇಲ್ಲ. ಹೊಳೆಯ ದಾರಿಯನ್ನು ನೋಡಿಲ್ಲ, ಟಾಯ್ಲೆಟ್ ಗುಂಡಿಯನ್ನೂ ನೋಡಿಲ್ಲ. ಬೇಸಿಗೆಯಲ್ಲಿ ಭರತದ ಹೊತ್ತಿಗೆ ಉಪ್ಪುನೀರು ಹೊಳೆಯಲ್ಲಿ ಮೇಲೇರುತ್ತದೆ, ಅದನ್ನು ತಡೆಯುವುದಕ್ಕೇ ನಮ್ಮ ಕಡೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಅಂತ ಇಲ್ಲಿಯವರಿಗೆ ಗೊತ್ತು. ಹಾಗಂತ "ನಾನು ಇದೇ ಊರಿನವಳು, ಇದು ಹೊಳೆಯ ಉಪ್ಪು" ಅಂತ ವರದಿಯಲ್ಲಿ ಬರೆಯುವಂತಿಲ್ಲ. ನಮ್ಮ ಊರಿನ ತಿಳುವಳಿಕೆಗೂ ಪುರಾವೆ ಬೇಕು. ಅದನ್ನು ಲೇಖಕರು ಪರೀಕ್ಷಿಸಬೇಕಾದ ಇನ್ನೊಂದು ಸಾಧ್ಯತೆ ಅಂತ ಮಾತ್ರ ಇಡಬೇಕು.

ಹೀಗೆ ಹದಿನಾಲ್ಕು ನೋಟುಗಳು ನಾಲ್ಕು ಮೇಜರ್, ಮೂರು ಮೈನರ್ ಆದವು. ಮೇಜರ್ ಐದು-ಆರು ದಾಟಿತು ಅಂದರೆ ಎರಡು ಪಾಯಿಂಟು ಒಂದೇ ವಿಷಯ ಹೇಳುತ್ತಿರಬಹುದು, ಇನ್ನೊಮ್ಮೆ ನೋಡಿ.

ನಾಲ್ಕನೇ ಹೆಜ್ಜೆ: ಸಾರಾಂಶ ಬರೆಯುವುದು

ವರದಿ ಬರೆಯುವುದು ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

ಪೇಪರಿನ ಅಬ್‌ಸ್ಟ್ರಾಕ್ಟನ್ನು ಮುಚ್ಚಿಟ್ಟು ಬರೆಯಿರಿ. ನೋಡಿಕೊಂಡು ಬರೆದರೆ ಅವರ ವಾಕ್ಯವೇ ಬರುತ್ತದೆ, ಅದರ ಜೊತೆ ಅವರ ಅತಿಯಾದ ಮಾತೂ ಬರುತ್ತದೆ. ಪ್ರಶ್ನೆ ಏನು, ಏನು ಮಾಡಿದರು, ಏನು ಸಿಕ್ಕಿತು, ಅದರಿಂದ ಏನು ಹೇಳುತ್ತಾರೆ. ಕೊನೆಯ ಎರಡನ್ನು ಬೇರೆ ಬೇರೆ ವಾಕ್ಯದಲ್ಲಿ ಇಡಬೇಕು. ಸಿಕ್ಕಿದ್ದು ಒಂದು, ಅವರು ಹೇಳುತ್ತಿರುವುದು ಇನ್ನೊಂದು ಅಂತ ಸಂಪಾದಕರಿಗೆ ಅಲ್ಲೇ ಕಾಣುತ್ತದೆ.

> ಸಮುದ್ರ ಮತ್ತು ಹೊಳೆಯ ನಡುವಿನ ಪಟ್ಟಿಯಲ್ಲಿ ಬಾವಿ ನೀರು ಉಪ್ಪಾಗುವುದಕ್ಕೆ ಕಾರಣ ಏನು ಅನ್ನುವುದು ಈ ಪೇಪರಿನ ಪ್ರಶ್ನೆ. ಲೇಖಕರು 24 ತೆರೆದ ಬಾವಿಗಳ ನೀರನ್ನು ಒಂದೇ ವರ್ಷದ ಮಾರ್ಚ್ ಮತ್ತು ಆಗಸ್ಟಿನಲ್ಲಿ ವಿಶ್ಲೇಷಿಸಿದ್ದಾರೆ. ಮಾರ್ಚಿನಲ್ಲಿ 9 ಬಾವಿಗಳಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂಗಿಂತ ಹೆಚ್ಚಿತ್ತು, ಆಗಸ್ಟಿನಲ್ಲಿ ಕಡಿಮೆಯಾಗಿತ್ತು. ಅತಿಯಾದ ಪಂಪಿಂಗ್‌ನಿಂದ ಸಮುದ್ರದ ನೀರು ನುಗ್ಗಿದೆ ಎಂದು ಲೇಖಕರು ತೀರ್ಮಾನಿಸುತ್ತಾರೆ. ಎರಡೂ ಋತುಗಳಲ್ಲಿ ಅವೇ ಬಾವಿಗಳನ್ನು ಅಳೆದದ್ದು ಮತ್ತು ಎಲ್ಲ ಅಂಕಿಗಳನ್ನು ಬಾವಿವಾರು ಕೊಟ್ಟದ್ದು ಈ ಕೆಲಸದ ಬಲ. ಉಪ್ಪಿನ ಮೂಲದ ಬಗ್ಗೆ ಮಾಡಿದ ವಾದ, ಪರಿಶೀಲನೆ ಬೇಕಾಗಿರುವ ಸೋಡಿಯಂ ಅಂಕಿಗಳ ಮೇಲೆ ನಿಂತಿದೆ ಎನ್ನುವುದು ನನ್ನ ಮುಖ್ಯ ಆಕ್ಷೇಪ.

ಬಲದ ಮಾತನ್ನು ಮರ್ಯಾದೆಗೆ ಅಂತ ಸುಮ್ನೆ ಸೇರಿಸಿದ್ದಲ್ಲ. ಬಾವಿವಾರು ಅಂಕಿ ಕೊಟ್ಟದ್ದರಿಂದಲೇ ನಾವು ತಪ್ಪನ್ನು ಹಿಡಿಯಲು ಆಯಿತು. ಸರಾಸರಿ ಮಾತ್ರ ಕೊಟ್ಟಿದ್ದರೆ ಅದು ಮುಚ್ಚಿ ಹೋಗುತ್ತಿತ್ತು. ನಿಮಗೆ ಪೇಪರಿನ ಈ ಸಾರಾಂಶ ಬರೆಯಲು ಆಗದೆ ಹೋದರೆ ಮೇಜರ್ ಬರೆಯಲು ಕೂರಬೇಡಿ, ಇನ್ನೊಮ್ಮೆ ಓದಿ. ಪೇಪರೇ ಗೊಂದಲದಲ್ಲಿದ್ದರೆ ಆ ಗೊಂದಲ ಎಲ್ಲಿದೆ ಅನ್ನುವುದೇ ಒಂದು ಆಕ್ಷೇಪ.

ಐದನೇ ಹೆಜ್ಜೆ: ಮೇಜರ್ ಆಕ್ಷೇಪಗಳು

ಪ್ರತಿ ಆಕ್ಷೇಪದಲ್ಲೂ ನಾಲ್ಕು ವಿಷಯ ಬರಬೇಕು: ಎಲ್ಲಿ, ಏನು, ಅದರಿಂದ ತೀರ್ಮಾನಕ್ಕೆ ಏನಾಗುತ್ತದೆ, ಏನು ಮಾಡಿದರೆ ಸರಿಹೋಗುತ್ತದೆ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಅದು ಯಾಕೆ ಮೇಜರ್ ಅಂತ ಸಂಪಾದಕರಿಗೆ ತಿಳಿಯುವುದಿಲ್ಲ. ಅವರು ನಿಮ್ಮ ವಿಷಯದವರೇ ಆಗಿರಬೇಕೆಂದಿಲ್ಲ.

> 1. ಟೇಬಲ್ 2ರಲ್ಲಿ, ಮಾರ್ಚಿನ 9 ಉಪ್ಪಿನ ಬಾವಿಗಳಲ್ಲಿ ಧನ ಮತ್ತು ಋಣ ಅಯಾನುಗಳ ಒಟ್ಟು ಹೊಂದುವುದಿಲ್ಲ. ಉದಾಹರಣೆಗೆ ಬಾವಿ 7ರಲ್ಲಿ ಅವು ಲೀಟರಿಗೆ 7 ಮತ್ತು 13 ಮಿಲಿ ಈಕ್ವಿವಲೆಂಟ್, ಅಂದರೆ 30% ವ್ಯತ್ಯಾಸ. ವರದಿಯಾದ ವಾಹಕತೆ (1310) ಎರಡನೇ ಅಂಕಿಗೆ ಹೊಂದುತ್ತದೆ. ಉಳಿದ 15 ಬಾವಿಗಳಲ್ಲಿ ಮತ್ತು ಆಗಸ್ಟಿನ ಎಲ್ಲ ಸ್ಯಾಂಪಲುಗಳಲ್ಲಿ ಈ ತೊಂದರೆ ಇಲ್ಲ. ಸೋಡಿಯಂ ಓದುವಾಗ ತೆಳು ಮಾಡಿದ ಸ್ಯಾಂಪಲುಗಳ ಗುಣಕ ಬಿಟ್ಟುಹೋಗಿರಬಹುದೇ ಎಂದು ದಯವಿಟ್ಟು ಲ್ಯಾಬ್ ದಾಖಲೆಯಲ್ಲಿ ಪರಿಶೀಲಿಸಿ. ಸೋಡಿಯಂ ಬದಲಾದರೆ ಚಿತ್ರ 4ರ ಸೋಡಿಯಂ-ಕ್ಲೋರೈಡ್ ಅನುಪಾತ 0.86ಕ್ಕಿಂತ ಮೇಲೆ ಹೋಗಬಹುದು, ಆಗ ಸಮುದ್ರದ ನೀರು ಎಂಬ ವಾದಕ್ಕೆ ಈ ಆಧಾರ ಉಳಿಯುವುದಿಲ್ಲ. ಎಲ್ಲ ಸ್ಯಾಂಪಲುಗಳ ಅಯಾನು ಸಮತೋಲನವನ್ನು ಒಂದು ಕಾಲಮ್ಮಿನಲ್ಲಿ ಕೊಡಿ.

ಇಲ್ಲಿ "ನೀವು ಗುಣಕ ಮರೆತಿದ್ದೀರಿ" ಅಂತ ಬರೆದಿಲ್ಲ ಅನ್ನುವುದನ್ನು ಗಮನಿಸಿ. ನಮಗೆ ಗೊತ್ತಿರುವುದು ಲೆಕ್ಕ ಕೂಡುವುದಿಲ್ಲ ಅನ್ನುವುದು ಮಾತ್ರ. ಕಾರಣ ನಮ್ಮ ಊಹೆ. ಕ್ಲೋರೈಡ್ ಅಂಕಿ, ವಾಹಕತೆಯ ಮೀಟರ್ ಎರಡೂ ಒಟ್ಟಿಗೆ ತಪ್ಪಿರುವ ಸಾಧ್ಯತೆ ಕಮ್ಮಿ, ಆದರೆ ಇಲ್ಲವೇ ಇಲ್ಲ ಅನ್ನಲಾಗದು. ಕಂಡದ್ದನ್ನು ಗಟ್ಟಿಯಾಗಿ ಹೇಳಿ, ಊಹಿಸಿದ್ದನ್ನು ಪ್ರಶ್ನೆಯಾಗಿ ಕೇಳಿ.

> 2. ಉಪ್ಪಿನ ಮೂಲ ಮತ್ತು ಪಂಪಿಂಗ್‌ನ ಪಾತ್ರ (ಶೀರ್ಷಿಕೆ, ಸಾಲು 121, 133, ಚಿತ್ರ 3). ಪಂಪಿಂಗ್ ಪ್ರಮಾಣವನ್ನೂ ಬಾವಿಯ ನೀರಿನ ಮಟ್ಟವನ್ನೂ ಅಳೆದಿಲ್ಲ, ಹಾಗಾಗಿ ಅದನ್ನು ಕಾರಣ ಎನ್ನಲು ಡೇಟಾ ಇಲ್ಲ. ಇನ್ನೆರಡು ಮೂಲಗಳನ್ನೂ ಪರೀಕ್ಷಿಸಿಲ್ಲ: ಭರತದ ಹೊತ್ತಿಗೆ ಹೊಳೆಯಲ್ಲಿ ಮೇಲೇರುವ ಉಪ್ಪುನೀರು, ಮತ್ತು ಮನೆಗಳ ಕೊಳಚೆ. ಉಪ್ಪಿನ ಬಾವಿಗಳಲ್ಲೇ ನೈಟ್ರೇಟ್ ಹೆಚ್ಚಿರುವುದು ಎರಡನೆಯದರತ್ತ ಬೊಟ್ಟು ಮಾಡುತ್ತದೆ. ಈಗಿರುವ ಡೇಟಾದಿಂದಲೇ ಹೊಳೆಯಿಂದ ಇರುವ ದೂರಕ್ಕೆ ಕ್ಲೋರೈಡನ್ನು, ಮತ್ತು ಕ್ಲೋರೈಡಿಗೆ ನೈಟ್ರೇಟನ್ನು ಹೋಲಿಸಿ ತೋರಿಸಬಹುದು. ನೀರು ತೆಗೆದ ಸಮಯಕ್ಕೆ ಭರತ-ಇಳಿತ ಯಾವುದಿತ್ತು ಎಂದು ಸೇರಿಸಿ. ಪಂಪಿಂಗ್ ಡೇಟಾ ಸಿಗದಿದ್ದರೆ ಶೀರ್ಷಿಕೆ ಮತ್ತು ತೀರ್ಮಾನದಿಂದ ಆ ಮಾತನ್ನು ತೆಗೆಯಬೇಕು.

ಕೊನೆಯ ವಾಕ್ಯ ಲೇಖಕರಿಗೆ ಎರಡು ದಾರಿ ಕೊಡುತ್ತದೆ: ಪುರಾವೆ ತನ್ನಿ, ಇಲ್ಲವೇ ಮಾತನ್ನು ಇಳಿಸಿ. ಹೊಸ ಪ್ರಯೋಗ ಕೇಳುವ ಮೊದಲು ಇರುವ ಡೇಟಾದಿಂದ ಏನು ಮಾಡಬಹುದು ಅಂತ ಯೋಚಿಸಿ. ಇನ್ನೊಂದು ಬೇಸಿಗೆ ಕಾದು ನೀರು ತೆಗೆಯಿರಿ ಅಂದರೆ ಪಿಎಚ್‌ಡಿ ಮಾಡುವ ಯಾರದೋ ಒಂದು ವರ್ಷ ಹೋಗುತ್ತದೆ.

ಮೂರನೆಯದು ವರ್ಷದಿಂದ ವರ್ಷಕ್ಕೆ ಏರಿಕೆ ಅನ್ನುವ ಮಾತು, ನಾಲ್ಕನೆಯದು ಬಾವಿ ಆರಿಸಿದ ರೀತಿ. ಎರಡಕ್ಕೂ ಮೂರು ಮೂರು ಸಾಲು ಸಾಕಾಯಿತು. ಕ್ರಮ ಮಾತ್ರ ಹೀಗೇ ಇರಬೇಕು. ಅಂಕಿಗಳೇ ತಪ್ಪಿದ್ದರೆ ಮೇಲಿನ ಚರ್ಚೆ ಎಲ್ಲ ವ್ಯರ್ಥ, ಹಾಗಾಗಿ ಅಂಕಿಯ ಆಕ್ಷೇಪ ಮೊದಲು.

ಆರನೇ ಹೆಜ್ಜೆ: ಮೈನರ್, ಮತ್ತು ಕಳಿಸುವ ಮುಂಚೆ

ಮೈನರ್‌ಗೆ ವಿವರಣೆ ಬೇಡ. ಸಾಲಿನ ನಂಬರ್, ಆಗಬೇಕಾದ ಕೆಲಸ, ಅಷ್ಟೇ.

> ಸಾಲು 31, 188, 204: ಕ್ಲೋರೈಡ್ ಮಿತಿ ಒಂದು ಕಡೆ 250, ಇನ್ನೊಂದು ಕಡೆ 200 ಹಿಡಿದಂತಿದೆ (9 ಮತ್ತು 10 ಬಾವಿಗಳು). ಒಂದೇ ಮಿತಿ ಬಳಸಿ.
> ಚಿತ್ರ 1: ಸ್ಕೇಲ್ ಮತ್ತು ಉತ್ತರ ದಿಕ್ಕು ಸೇರಿಸಿ.
> ಸಾಲು 76, 142, 219: ವಾಕ್ಯಗಳು ಎರಡು ಅರ್ಥ ಕೊಡುತ್ತವೆ, ಸ್ಪಷ್ಟಪಡಿಸಿ.

ಸ್ವೀಕರಿಸಿ, ತಿರಸ್ಕರಿಸಿ ಅನ್ನುವ ಶಿಫಾರಸು ಲೇಖಕರಿಗೆ ಹೋಗುವ ಭಾಗದಲ್ಲಿ ಬರಬಾರದು. ಅದಕ್ಕೆ ಸಂಪಾದಕರಿಗೆ ಮಾತ್ರ ಕಾಣುವ ಬೇರೆ ಜಾಗ ಇರುತ್ತದೆ. ಅಲ್ಲಿ ಲೇಖಕರಿಗೆ ಹೇಳದ ಹೊಸ ದೋಷವನ್ನೂ ಬರೆಯಬೇಡಿ. ಅಲ್ಲಿ ನಾವು ಬರೆದದ್ದು ಎರಡೇ ವಾಕ್ಯ: ಮೊದಲ ಆಕ್ಷೇಪಕ್ಕೆ ಬರುವ ಉತ್ತರದ ಮೇಲೆ ಎಲ್ಲ ನಿಂತಿದೆ, ಹಾಗಾಗಿ ಮೇಜರ್ ರಿವಿಷನ್. ನೀರಿನ ರಸಾಯನ ನಮಗೆ ಗೊತ್ತು, ಸಂಖ್ಯಾಶಾಸ್ತ್ರದ ಭಾಗವನ್ನು ಬೇರೆಯವರು ನೋಡುವುದು ಒಳ್ಳೆಯದು.

ಆಮೇಲೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಓದಿದೆವು. "ಲೇಖಕರಿಗೆ ಗೊತ್ತಿಲ್ಲ" ಅನ್ನುವ ಥರದ ಮಾತು ಎರಡು ಕಡೆ ಉಳಿದಿತ್ತು, ಅದನ್ನು "ಪೇಪರಿನಲ್ಲಿ ಇಲ್ಲ" ಅಂತ ಮಾಡಿದೆವು. ಒಂದು ಸಾಲಿನ ನಂಬರ್ ತಪ್ಪಿತ್ತು, ಸರಿಮಾಡಿದೆವು.

ವರದಿಯ ಪ್ರತಿ ಮತ್ತು ಆ ನೋಟ್ ಪುಸ್ತಕವನ್ನು ನಿರ್ಧಾರ ಬರುವ ತನಕ ಇಟ್ಟುಕೊಳ್ಳಿ, ಬೇರೆ ಯಾರಿಗೂ ತೋರಿಸಬೇಡಿ. ಎರಡು-ಮೂರು ತಿಂಗಳು ಬಿಟ್ಟು ತಿದ್ದಿದ ಪೇಪರ್ ಬಂದಾಗ ನಂಬರ್ ಹಿಡಿದು ನೋಡುತ್ತಾ ಹೋಗಬಹುದು: ಒಂದಕ್ಕೆ ಏನು ಉತ್ತರ ಬಂತು, ಎರಡಕ್ಕೆ ಏನು. ಮೊದಲ ಸುತ್ತಿನಲ್ಲೇ ಕಾಣಬಹುದಾಗಿದ್ದ ಹೊಸ ಮೇಜರ್ ಆಕ್ಷೇಪವನ್ನು ಆಗ ಎತ್ತುವುದು ಲೇಖಕರಿಗೆ ಅನ್ಯಾಯ. ತೀರ್ಮಾನವನ್ನೇ ಕೆಡಿಸುವಂಥದ್ದಾದರೆ ಮಾತ್ರ ಎತ್ತಿ, ಮೊದಲ ಸಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಂತ ನೇರವಾಗಿ ಬರೆಯಿರಿ.